ಲೇಖನಗಳ ನಡುವಿನ ಎರಡು ಪುಟ

ಗೆಳೆಯರೇ,

ಅಧ್ಯಾಯಗಳಾಗಿ ಬರೆದ ಪಿಎಚ್.ಡಿ. ಮಹಾಪ್ರಬಂಧವನ್ನು ಪ್ರಕಟಿತ ಲೇಖನಗಳ ಮಹಾಪ್ರಬಂಧವಾಗಿ ಬದಲಿಸಲು ಹೊರಟವರು ಮೊದಲು ಕೇಳುವುದು, ಎಷ್ಟು ಲೇಖನ ಬೇಕು ಎಂದು. ಇದು ಒಂದೊಂದು ವಿಶ್ವವಿದ್ಯಾಲಯದಲ್ಲಿ ಒಂದೊಂದು ಬಗೆ. ಅಚ್ಚಾಗದ ಹಸ್ತಪ್ರತಿ ನಡೆಯುತ್ತದೆಯೇ, ಸಹಲೇಖಕರ ಸಹಿ ಎಲ್ಲೆಲ್ಲಿ ಬೇಕು, ನಡುವೆ ಸ್ವರೂಪ ಬದಲಿಸಲು ಅನುಮತಿ ಪಡೆಯಬೇಕೇ ಎಂಬುದನ್ನು ನಿಯಮಾವಳಿ ತೆರೆದು ನೋಡಿಕೊಳ್ಳಿ. ನಾನು ಇವತ್ತು ಮಾತನಾಡಬೇಕೆಂದಿರುವುದು ಲೇಖನಗಳ ನಡುವೆ ಬರುವ ಕೊಂಡಿ ಬರಹದ ಬಗ್ಗೆ. ಕೆಲಸ ಕೆಡುವುದು ಹೆಚ್ಚಾಗಿ ಅಲ್ಲಿಯೇ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ರಾತ್ರಿ ಪಾಳಿಯ ದಾದಿಯರ ದಣಿವಿನ ಮೇಲೆ ಒಬ್ಬ ಸಂಶೋಧಕಿ ಏಳು ಅಧ್ಯಾಯ ಬರೆದಿದ್ದಾರೆ. ಪೀಠಿಕೆ, ಸಾಹಿತ್ಯ ಸಮೀಕ್ಷೆ, ವಿಧಾನ, ಆಮೇಲೆ ಪ್ರಶ್ನಾವಳಿ, ನಿದ್ದೆಯ ದಿನಚರಿ, ಸಂದರ್ಶನ, ಕೊನೆಗೆ ಸಮಾರೋಪ. ನಡುವಿನ ಮೂರು ಅಧ್ಯಾಯಗಳು ಮೂರು ಲೇಖನಗಳಾದವು. ಆಗ ಮೊದಲು ಒಡೆಯುವುದು ವಿಧಾನದ ಅಧ್ಯಾಯ. ಮೂವತ್ತು ಪುಟವಿದ್ದದ್ದು ಮೂರು ಪಾಲಾಗಿ, ಜರ್ನಲ್‌ನ ಪದಮಿತಿಗೆ ಸಿಕ್ಕಿ, ಲೇಖನಕ್ಕೆ ಎರಡು ಪ್ಯಾರಾದಷ್ಟು ಉಳಿಯುತ್ತದೆ. ಏನು ಮಾಡಿದೆ ಎಂಬುದು ಉಳಿಯುತ್ತದೆ. ಬೇರೆ ದಾರಿಗಳಿದ್ದರೂ ಇದನ್ನೇ ಏಕೆ ಹಿಡಿದೆ ಎಂಬುದು ಕಳೆದುಹೋಗುತ್ತದೆ. ಪರೀಕ್ಷಕರು ಹುಡುಕುವುದು ಆ ಕಳೆದುಹೋದ ಭಾಗವನ್ನೇ. ಹಾಗಾಗಿ ಹಳೆಯ ಅಧ್ಯಾಯವನ್ನು ಎಸೆಯಬೇಡಿ. ಲೇಖನದೊಳಗೆ ಹೋದ ಸಾಲುಗಳನ್ನು ಗುರುತು ಹಾಕಿ ತೆಗೆಯಿರಿ. ಉಳಿದದ್ದರಲ್ಲಿ ಕಾರಣ ಹೇಳುವ ಸಾಲುಗಳೇ ಕೊಂಡಿಯ ಕಚ್ಚಾವಸ್ತು.

ಈಗ ಮೊದಲ ಮತ್ತು ಎರಡನೆಯ ಲೇಖನದ ನಡುವಿನ ಕೊಂಡಿ ನೋಡೋಣ. ಸಾಮಾನ್ಯವಾಗಿ ಬರೆಯುವುದು ಹೀಗೆ: "ಹಿಂದಿನ ಲೇಖನದಲ್ಲಿ ದಣಿವಿನ ಪ್ರಮಾಣವನ್ನು ಪರಿಶೀಲಿಸಲಾಯಿತು. ಮುಂದಿನ ಲೇಖನ ನಿದ್ದೆಯ ಅವಧಿಯನ್ನು ಪರಿಶೀಲಿಸುತ್ತದೆ." ಪರಿವಿಡಿಯಲ್ಲಿ ಇರುವುದನ್ನೇ ಇದು ಮತ್ತೆ ಹೇಳಿತು. ಇದರ ಬದಲು ಹೀಗೆ ಬರೆದರೆ: "ಸೇವಾವಧಿ ಹೆಚ್ಚಿದಷ್ಟೂ ದಣಿವು ಕಡಿಮೆ ಎಂದು ಪ್ರಶ್ನಾವಳಿ ತೋರಿಸಿತು. ಹಿರಿಯ ದಾದಿಯರು ನಿಜಕ್ಕೂ ಹೆಚ್ಚು ನಿದ್ದೆ ಮಾಡುತ್ತಾರೆಯೇ, ಅಥವಾ ದಣಿವನ್ನು ದಣಿವೆಂದು ಹೇಳುವುದನ್ನೇ ಬಿಟ್ಟಿದ್ದಾರೆಯೇ? ತಾಳಲಾರದವರು ಕೆಲಸ ಬಿಟ್ಟುಹೋಗಿ, ತಾಳಿಕೊಂಡವರಷ್ಟೇ ನನ್ನ ಲೆಕ್ಕಕ್ಕೆ ಸಿಕ್ಕಿರಲೂಬಹುದು. ಪ್ರಶ್ನಾವಳಿಯಿಂದ ಇದು ತಿಳಿಯದು. ಮೊದಲ ಎರಡನ್ನು ಬೇರ್ಪಡಿಸಲು ನಿದ್ದೆಯ ದಿನಚರಿಗೆ ತಿರುಗಿದೆ." ಈಗ ಎರಡನೆಯ ಲೇಖನ ಏಕೆ ಹುಟ್ಟಿತು ಎಂಬುದು ಕಾಣುತ್ತದೆ. ಮೂರನೆಯ ಸಾಧ್ಯತೆ ಬಗೆಹರಿಯದೆ ಉಳಿದಿದೆ ಎಂಬುದೂ ಕಾಣುತ್ತದೆ, ಸಮಾರೋಪದಲ್ಲಿ ಅದಕ್ಕೆ ಜಾಗ ಸಿಗುತ್ತದೆ.

ಕೊಂಡಿಗೆ ಇನ್ನೊಂದು ಹೊಣೆಯಿದೆ. ಅದನ್ನು ಹೆಚ್ಚಿನವರು ಮುಚ್ಚಿಡಲು ನೋಡುತ್ತಾರೆ, ನನಗೆ ಅದು ಸರಿಕಾಣುವುದಿಲ್ಲ. ಅಧ್ಯಾಯವನ್ನು ಕೊನೆಯ ದಿನದವರೆಗೂ ತಿದ್ದಬಹುದು, ಅಚ್ಚಾದ ಲೇಖನವನ್ನು ಸದ್ದಿಲ್ಲದೆ ತಿದ್ದುವಂತಿಲ್ಲ. ನಮ್ಮ ಉದಾಹರಣೆಯಲ್ಲಿ ಮೊದಲ ಲೇಖನ 412 ದಾದಿಯರೆಂದು ಹೇಳಿದೆ, ಎರಡನೆಯದು ಅದೇ ಸಮೀಕ್ಷೆಯನ್ನು ನೆನೆಯುತ್ತ 405 ಎನ್ನುತ್ತದೆ. ಮೊದಲನೆಯದು ಅಚ್ಚಾದ ಮೇಲೆ ಏಳು ಉತ್ತರಗಳು ಎರಡೆರಡು ಬಾರಿ ದಾಖಲಾದದ್ದು ಗೊತ್ತಾಗಿದೆ. ಪರೀಕ್ಷಕರು ಇದನ್ನು ತಾವಾಗಿ ಕಂಡುಹಿಡಿದರೆ ಎಲ್ಲ ಅಂಕಿಗಳ ಮೇಲೂ ಅನುಮಾನ ಹರಡುತ್ತದೆ. ಕೊಂಡಿಯಲ್ಲೇ ಹೇಳಿಬಿಡಿ: ಏಳು ಉತ್ತರ ತೆಗೆದು ಮತ್ತೆ ಲೆಕ್ಕ ಹಾಕಿದೆ, ತೀರ್ಮಾನ ಬದಲಾಗಲಿಲ್ಲ. ಒಂದು ವೇಳೆ ಬದಲಾದರೆ ಕೊಂಡಿಯ ಮಾತು ಸಾಲದು. ಜರ್ನಲ್‌ಗೆ ಬರೆದು ತಿದ್ದುಪಡಿ ಪ್ರಕಟಿಸಬೇಕಾಗುತ್ತದೆ. ಒಂದು ಲೇಖನದಲ್ಲಿ "ದಣಿವು", ಇನ್ನೊಂದರಲ್ಲಿ "ಬಳಲಿಕೆ" ಎಂದು ಬಂದಿದ್ದರೂ ಹೀಗೆಯೇ. ಅಳೆದದ್ದು ಒಂದೇ ವಸ್ತುವೋ ಬೇರೆಯೋ ಎಂಬುದನ್ನು ಬಿಡಿಸಿ ಹೇಳಿ.

ಲೇಖನದ ಸಾಲುಗಳನ್ನು ಎತ್ತಿ ಕೊಂಡಿಗೆ ಹಾಕುವುದಂತೂ ಬೇಡ. ಓದುಗರು ಒಂದೇ ಮಾತನ್ನು ಎರಡು ಬಾರಿ ಓದಬೇಕಾಗುತ್ತದೆ, ಸಾಮ್ಯತೆ ಪರೀಕ್ಷೆಯಲ್ಲೂ ಅದು ಎದ್ದು ಕಾಣುತ್ತದೆ. "ನಾವು" ಮತ್ತು "ನಾನು" ಎಂಬ ವ್ಯತ್ಯಾಸವನ್ನೂ ಕಾಯ್ದುಕೊಳ್ಳಿ. ಲೇಖನದಲ್ಲಿ ಸಹಲೇಖಕರಿದ್ದಾರೆ, ಕೊಂಡಿ ನಿಮ್ಮೊಬ್ಬರದು. ದಿನಚರಿಯ ನಮೂನೆ ರೂಪಿಸಿದ್ದು ನೀವು, ಅಂಕಿಅಂಶದ ಮಾದರಿ ಸೂಚಿಸಿದ್ದು ಮಾರ್ಗದರ್ಶಕರು ಎಂದಿದ್ದರೆ ಹಾಗೆಯೇ ಬರೆಯಿರಿ. ಸಹಲೇಖಕರು ಸಹಿ ಮಾಡುವ ಘೋಷಣೆಯೂ ಅದನ್ನೇ ಹೇಳಬೇಕು.

ಎಲ್ಲ ಮುಗಿದ ಮೇಲೆ ಲೇಖನಗಳನ್ನು ಪಕ್ಕಕ್ಕಿಟ್ಟು ಪೀಠಿಕೆ, ಕೊಂಡಿಗಳು, ಸಮಾರೋಪ ಇಷ್ಟನ್ನೇ ಒಂದೇ ಬಾರಿಗೆ ಓದಿ. ವಾದ ಎಲ್ಲಿ ಕಡಿದುಹೋಯಿತೋ ಅಲ್ಲಿ ಮೊದಲು ಲೇಖನಗಳ ಅನುಕ್ರಮವನ್ನು ನೋಡಿ. ಅಚ್ಚಾದ ದಿನಾಂಕದ ಪ್ರಕಾರ ಜೋಡಿಸಿರುವುದೇ ಎಷ್ಟೋ ಬಾರಿ ಅದಕ್ಕೆ ಕಾರಣ. ಸಂದರ್ಶನದ ಲೇಖನ ಮೊದಲು ಅಚ್ಚಾಗಿದ್ದರೂ, ದಿನಚರಿ ಎತ್ತಿದ ಪ್ರಶ್ನೆಗೆ ಅದು ಉತ್ತರವಾಗಿದ್ದರೆ ಅದರ ಜಾಗ ದಿನಚರಿಯ ನಂತರವೇ.