ಒಂದು ಫಂಕ್ಷನ್ನಿಗೆ ಎರಡು ಲಿಮಿಟ್ ಯಾಕಿರಲ್ಲ

ಕೇಳುಗರಿಗೆಲ್ಲ ನಮಸ್ಕಾರ. ಪಿಯುಸಿಯಲ್ಲಿ ಸೈನ್ಸ್ ಓದಿದೋರಿಗೆ ಈ ಲೆಕ್ಕ ನೆನಪಿರುತ್ತೆ. ಎಕ್ಸ್ ಸ್ಕ್ವೇರ್ ಮೈನಸ್ 4, ಅದನ್ನ ಎಕ್ಸ್ ಮೈನಸ್ 2ರಿಂದ ಭಾಗಿಸಿ, ಎಕ್ಸ್ 2ರ ಹತ್ರ ಹೋದಾಗ ಲಿಮಿಟ್ ಎಷ್ಟು ಅಂತ. 2 ಹಾಕಿದ್ರೆ ಮೇಲೂ ಸೊನ್ನೆ ಕೆಳಗೂ ಸೊನ್ನೆ, ಹಾಗಾಗಿ ಮೇಲಿನದನ್ನ ಫ್ಯಾಕ್ಟರ್ ಮಾಡಿ, ಎಕ್ಸ್ ಮೈನಸ್ 2 ಕ್ಯಾನ್ಸಲ್ ಮಾಡಿ, ಉಳಿದ ಎಕ್ಸ್ ಪ್ಲಸ್ 2ರಲ್ಲಿ 2 ಹಾಕಿ, ಈಕ್ವಲ್ ಟು 4 ಅಂತ ಬರೆದು ಅಡಿಗೆರೆ ಹಾಕಿ ಮುಂದಿನ ಲೆಕ್ಕಕ್ಕೆ ಹೋಗ್ತೀವಿ.

ಆ ಈಕ್ವಲ್ ಟು ಚಿಹ್ನೆ ಇದೆಯಲ್ಲ, ಅದನ್ನ ಹಾಕೋಕೆ ನಮಗೆ ಯಾರು ಪರ್ಮಿಷನ್ ಕೊಟ್ರು ಅಂತ ಯಾರೂ ಕೇಳಲ್ಲ. ಇದೇ ಫಂಕ್ಷನ್ನಿಗೆ 4ರ ಜೊತೆ 5 ಕೂಡ ಲಿಮಿಟ್ ಆಗಿದ್ರೆ? ಆಗ ಲಿಮಿಟ್ ಈಕ್ವಲ್ ಟು 4, ಲಿಮಿಟ್ ಈಕ್ವಲ್ ಟು 5, ಎರಡೂ ಬರೀಬಹುದು, ಅಂದ್ರೆ 4 ಮತ್ತು 5 ಒಂದೇ ಅಂತ ಆಗೋಯ್ತು. ಹಾಗಾಗಲ್ಲ ಅನ್ನೋದಕ್ಕೆ ಒಂದು ಪ್ರೂಫ್ ಬೇಕು. ಪಿಯುಸಿಯಲ್ಲಿ ಲಿಮಿಟ್ಟನ್ನ ಅಂದಾಜಿನ ಮೇಲೆ ಹೇಳಿಕೊಡ್ತಾರೆ, ಅದಕ್ಕೇ ಈ ಪ್ರಶ್ನೆ ಅಲ್ಲಿ ಏಳೋದೇ ಇಲ್ಲ. ಬಿಎಸ್ಸಿಗೆ ಬಂದ್ಮೇಲೆ ಪ್ರೂಫ್ ಬರುತ್ತೆ, ನಾಲ್ಕೈದು ಸಾಲು ಅಷ್ಟೆ, ಹುಡುಗ್ರು ಉರು ಹೊಡೆದು ಬರೆದುಬಿಡ್ತಾರೆ, ಇವತ್ತು ಆ ನಾಲ್ಕೈದು ಸಾಲಿನ ಒಳಗೆ ಏನಿದೆ ಅಂತ ಸ್ವಲ್ಪ ನಿಧಾನಕ್ಕೆ ನೋಡೋಣ.

ಮೊದಲು ಒಂದು ತಕರಾರು. "ಹತ್ರ ಹೋಗೋದು" ಅಂತ ನಾವು ಸುಮ್ನೆ ಮಾತಾಡ್ತೀವಲ್ಲ, ಆ ಅರ್ಥದಲ್ಲಿ ನೋಡಿದ್ರೆ ನಮ್ಮ ಫಂಕ್ಷನ್ ನಿಜವಾಗ್ಲೂ 5ರ ಹತ್ರಾನೂ ಹೋಗ್ತಿದೆ! ಎಕ್ಸ್‌ಗೆ 1.9 ಕೊಡಿ, ಫಂಕ್ಷನ್ 3.9, ಅಲ್ಲಿಂದ 5ಕ್ಕೆ ದೂರ 1.1. ಎಕ್ಸ್ 1.99 ಮಾಡಿ, ದೂರ 1.01. 1.999 ಮಾಡಿದ್ರೆ 1.001. ದೂರ ಕಮ್ಮಿ ಆಗ್ತಾನೇ ಇದೆ ನೋಡಿ, ಒಂದು ಸಲಾನೂ ಜಾಸ್ತಿ ಆಗಿಲ್ಲ. ಹಾಗಾದ್ರೆ 5 ಯಾಕೆ ಲಿಮಿಟ್ ಅಲ್ಲ? ಯಾಕಂದ್ರೆ ಆ ದೂರ 1ರ ಕೆಳಗೆ ಇಳಿಯಲ್ಲ. ಎಡಗಡೆಯಿಂದ ಎಷ್ಟೇ ಹತ್ರ ಬನ್ನಿ, 1ಕ್ಕಿಂತ ಒಂಚೂರು ಜಾಸ್ತಿಯಲ್ಲೇ ನಿಲ್ಲುತ್ತೆ. ಅಂದ್ರೆ ದೂರ ಕಮ್ಮಿ ಆಗ್ತಾ ಹೋದ್ರೆ ಸಾಲಲ್ಲ, ನಾವು ಎಷ್ಟು ಸಣ್ಣದು ಕೇಳ್ತೀವೋ ಅದಕ್ಕಿಂತ ಸಣ್ಣದಾಗ್ಬೇಕು.

ಪ್ಯಾರಿಸ್‌ನಲ್ಲಿ ಕೋಶಿ ಅನ್ನೋ ಗಣಿತಜ್ಞ 1821ರಲ್ಲಿ ಪಾಠಕ್ಕೆ ಅಂತ ಬರೆದ ಪುಸ್ತಕದಲ್ಲಿ ಲಿಮಿಟ್ ಬಗ್ಗೆ ಹೇಳುವಾಗ ಈ ಷರತ್ತು ಇದೆ, ಕೊನೆಗೆ ವ್ಯತ್ಯಾಸ ನಮಗೆ ಬೇಕಾದಷ್ಟು ಕಮ್ಮಿ ಆಗ್ಬೇಕು ಅಂತ. ಆದ್ರೆ ಅಲ್ಲಿ ಅದು ಮಾತಲ್ಲಿತ್ತು. ಆಮೇಲೆ ಬರ್ಲಿನ್‌ನಲ್ಲಿ ವೈಯರ್‌ಸ್ಟ್ರಾಸ್ ಅನ್ನೋ ಗಣಿತಜ್ಞ ಮತ್ತವರ ಶಿಷ್ಯರ ಕೈಯಲ್ಲಿ ಅದು ಈಗ ನಾವು ಬರೆಯೋ ಎಪ್ಸಿಲಾನ್ ಡೆಲ್ಟಾ ರೂಪಕ್ಕೆ ಬಂತು.

ಆ ರೂಪ ಹೀಗೆ. ಎಲ್ ಅನ್ನೋ ಸಂಖ್ಯೆ ಲಿಮಿಟ್ ಅಂತ ನೀವು ಹೇಳ್ತೀರಿ. ನಾನು ಒಂದು ಎಪ್ಸಿಲಾನ್ ಕೊಡ್ತೀನಿ, ಸೊನ್ನೆಗಿಂತ ದೊಡ್ಡದು, ಬೇಕಾದಷ್ಟು ಚಿಕ್ಕದು. ನೀವು ಅದಕ್ಕೆ ತಕ್ಕ ಹಾಗೆ ಒಂದು ಡೆಲ್ಟಾ ಕೊಡ್ಬೇಕು, ಅದೂ ಸೊನ್ನೆಗಿಂತ ದೊಡ್ಡದೇ, ಆ ಡೆಲ್ಟಾ ಹೇಗಿರ್ಬೇಕು ಅಂದ್ರೆ, ಎಕ್ಸ್ ಯಾವ ಬಿಂದುವಿನ ಹತ್ರ ಹೋಗ್ತಿದೆಯೋ ಆ ಬಿಂದುವಿನಿಂದ ಡೆಲ್ಟಾ ದೂರದೊಳಗೆ ಇರೋ ಪ್ರತಿಯೊಂದು ಎಕ್ಸ್‌ಗೂ, ಆ ಬಿಂದು ಒಂದನ್ನ ಬಿಟ್ಟು, ಫಂಕ್ಷನ್ನಿನ ಬೆಲೆ ಎಲ್‌ನಿಂದ ಎಪ್ಸಿಲಾನ್ ಒಳಗೇ ಇರ್ಬೇಕು. ಪ್ರತಿಯೊಂದು ಎಕ್ಸ್‌ಗೂ, ಕೆಲವಕ್ಕೆ ಅಲ್ಲ, ಬಹುಪಾಲಿಗೂ ಅಲ್ಲ, ಇಡೀ ಪ್ರೂಫ್ ಈ ಒಂದು ಮಾತಿನ ಮೇಲೆ ನಿಂತಿದೆ.

ಈಗ ಜಗಳಕ್ಕೆ ಬರೋಣ. ಒಬ್ಬರು ಲಿಮಿಟ್ ಎಲ್ ಅಂತಾರೆ, ಇನ್ನೊಬ್ಬರು ಎಂ ಅಂತಾರೆ, ಎರಡೂ ಬೇರೆ ಬೇರೆ ಸಂಖ್ಯೆ. ಇಬ್ಬರ ಮಾತೂ ನಿಜ ಅಂತಾನೇ ಇಟ್ಕೊಳ್ಳೋಣ. ಬೇರೆ ಬೇರೆ ಆದ್ಮೇಲೆ ನಡುವೆ ಒಂದಷ್ಟು ದೂರ ಇರ್ಲೇಬೇಕು, ಆ ದೂರದ ಅರ್ಧವನ್ನ ಎಪ್ಸಿಲಾನ್ ಮಾಡ್ಕೊಂಡು ಅದನ್ನೇ ಇಬ್ಬರಿಗೂ ಕೊಡ್ತೀನಿ. ಎರಡು ಹೊಲದ ನಡುವೆ ಸರಿಯಾಗಿ ಮಧ್ಯಕ್ಕೆ ಬದು ಹಾಕಿದಂಗೆ, ಈ ಕಡೆ ಎಲ್ ಹೊಲ, ಆ ಕಡೆ ಎಂ ಹೊಲ, ಬದುವಿನ ಮೇಲೆ ಯಾರೂ ನಿಲ್ಲೋ ಹಾಗಿಲ್ಲ.

ಎಲ್ ಕಡೆಯವರು ಒಂದು ಡೆಲ್ಟಾ ಕೊಡ್ತಾರೆ, ಇದರೊಳಗೆ ಬಂದ ಎಲ್ಲ ಎಕ್ಸ್‌ಗೂ ಬೆಲೆ ನಮ್ಮ ಹೊಲದಲ್ಲೇ ಅಂತಾರೆ. ಎಂ ಕಡೆಯವರೂ ಒಂದು ಡೆಲ್ಟಾ ಕೊಡ್ತಾರೆ. ಎರಡೂ ಒಂದೇ ಇರ್ಬೇಕು ಅಂತೇನಿಲ್ಲ. ನಾನು ಚಿಕ್ಕದನ್ನ ತಗೋತೀನಿ, ಯಾಕಂದ್ರೆ ಚಿಕ್ಕದರೊಳಗೆ ಇರೋ ಎಕ್ಸ್ ದೊಡ್ಡದರೊಳಗೂ ಇದ್ದೇ ಇರುತ್ತೆ, ಆಗ ಇಬ್ಬರು ಕೊಟ್ಟ ಮಾತೂ ಒಂದೇ ಎಕ್ಸ್‌ಗೆ ಅನ್ವಯ ಆಗುತ್ತೆ. ಆ ಚಿಕ್ಕ ಡೆಲ್ಟಾದೊಳಗೆ ಒಂದು ಎಕ್ಸ್ ಹಿಡೀರಿ, ಒಂದೇ ಒಂದು ಸಾಕು. ಫಂಕ್ಷನ್ ಅಂದ್ಮೇಲೆ ಒಂದು ಎಕ್ಸ್‌ಗೆ ಒಂದೇ ಬೆಲೆ. ಆ ಒಂದೇ ಬೆಲೆ ಎಲ್ ಹೊಲದಲ್ಲೂ ಇರ್ಬೇಕು, ಎಂ ಹೊಲದಲ್ಲೂ ಇರ್ಬೇಕು. ಆಗಲ್ಲ. ಮುಗೀತು.

ಪೇಪರಲ್ಲಿ ಇದನ್ನೇ ದೂರದ ಲೆಕ್ಕದಲ್ಲಿ ಬರೀತಾರೆ. ಎಲ್‌ನಿಂದ ಎಂ‌ಗೆ ಇರೋ ದೂರ, ಎಲ್‌ನಿಂದ ಆ ಬೆಲೆಗೆ ಇರೋ ದೂರ ಮತ್ತು ಆ ಬೆಲೆಯಿಂದ ಎಂ‌ಗೆ ಇರೋ ದೂರ ಕೂಡಿದ್ರೆ ಬರೋದಕ್ಕಿಂತ ಜಾಸ್ತಿ ಆಗಲ್ಲ. ಈ ಎರಡೂ ದೂರ ಎಪ್ಸಿಲಾನ್‌ಗಿಂತ ಕಮ್ಮಿ, ಕೂಡಿದ್ರೆ ಎರಡು ಎಪ್ಸಿಲಾನ್‌ಗಿಂತ ಕಮ್ಮಿ, ಎರಡು ಎಪ್ಸಿಲಾನ್ ಅಂದ್ರೆ ಎಲ್‌ಗೂ ಎಂ‌ಗೂ ಇರೋ ದೂರವೇ. ಅಲ್ಲಿಗೆ ಆ ದೂರ ಅದಕ್ಕಿಂತಲೇ ಕಮ್ಮಿ ಅಂತ ಬಂತು, ಯಾವ ಸಂಖ್ಯೆಯೂ ತನಗಿಂತ ತಾನೇ ಚಿಕ್ಕದಿರೋಕೆ ಸಾಧ್ಯ ಇಲ್ವಲ್ಲ.

ಇಲ್ಲಿ ಅರ್ಧವೇ ಯಾಕೆ ಅಂತ ಕೇಳಿ, ಒಳ್ಳೆ ಪ್ರಶ್ನೆ. ಪೂರ್ತಿ ದೂರವನ್ನೇ ಎಪ್ಸಿಲಾನ್ ಮಾಡ್ಕೊಂಡ್ರೆ ಕೊನೆಗೆ ಬರೋದು, ಆ ದೂರ ಅದರ ಎರಡರಷ್ಟಕ್ಕಿಂತ ಕಮ್ಮಿ ಅಂತ, ಅದು ಹೇಗೂ ನಿಜ, ಏನೂ ಸಾಬೀತಾಗಲ್ಲ, ಎರಡು ಹೊಲ ಒಂದರ ಮೇಲೊಂದು ಬಿದ್ದಿರುತ್ತೆ ಅಷ್ಟೆ. ಅರ್ಧಕ್ಕಿಂತ ಕಮ್ಮಿ ತಗೊಂಡ್ರೆ, ಮೂರನೇ ಒಂದು ಭಾಗ, ನಾಲ್ಕನೇ ಒಂದು ಭಾಗ, ಏನೂ ತೊಂದರೆ ಇಲ್ಲ, ಪ್ರೂಫ್ ಇನ್ನೂ ಸಲೀಸಾಗಿ ನಡೆಯುತ್ತೆ. ಅರ್ಧ ಅನ್ನೋದು ನಡೆಯೋದರಲ್ಲಿ ಎಲ್ಲಕ್ಕಿಂತ ದೊಡ್ಡದು.

ನಮ್ಮ 4 ಮತ್ತು 5ಕ್ಕೆ ಹಾಕಿ ನೋಡಿ. ನಡುವಿನ ದೂರ 1, ಎಪ್ಸಿಲಾನ್ 0.5, ಬದು ಇರೋದು 4.5ರಲ್ಲಿ. 4 ಅನ್ನೋರು ಡೆಲ್ಟಾ 0.5 ಕೊಡ್ತಾರೆ, ಅದು ಸರಿಯಾಗೇ ಇದೆ, ಯಾಕಂದ್ರೆ ಫಂಕ್ಷನ್ ಬರೀ ಎಕ್ಸ್ ಪ್ಲಸ್ 2, ಎಕ್ಸ್ 2ರಿಂದ ಎಷ್ಟು ದೂರವೋ ಬೆಲೆ 4ರಿಂದ ಅಷ್ಟೇ ದೂರ. 5 ಅನ್ನೋರು ಡೆಲ್ಟಾ 0.01 ಅಂತಾರೆ. ಚಿಕ್ಕದು 0.01, ಅದರೊಳಗೆ 2.005 ಹಿಡೀರಿ, ಬೆಲೆ 4.005, 5ಕ್ಕೆ ದೂರ 0.995, ಇರ್ಬೇಕಾಗಿದ್ದು 0.5ಕ್ಕಿಂತ ಕಮ್ಮಿ. ಅವರು ಡೆಲ್ಟಾ ಇನ್ನೂ ಚಿಕ್ಕದು ಮಾಡ್ತೀವಿ ಅಂದ್ರೆ ಮಾಡ್ಲಿ, ಚಿಕ್ಕದು ಮಾಡಿದಷ್ಟೂ ಬೆಲೆ 4ಕ್ಕೆ ಅಂಟಿಕೊಳ್ಳುತ್ತೆ, ಅವರ ಕೇಸ್ ಇನ್ನೂ ಕೆಡುತ್ತೆ.

ಈಗ ನಿಜವಾಗ್ಲೂ ಎರಡು ಕಡೆ ಹೋಗೋ ಥರ ಕಾಣೋ ಫಂಕ್ಷನ್ ಒಂದಿದೆ, ಸೈನ್ ಆಫ್ 1 ಬೈ ಎಕ್ಸ್, ಎಕ್ಸ್ ಸೊನ್ನೆಯ ಹತ್ರ ಹೋದಾಗ. ಗ್ರಾಫ್ ಹಾಕಿದ್ರೆ ಸೊನ್ನೆ ಹತ್ರ ಹತ್ರ ಬಂದ ಹಾಗೆ ಅಲೆಗಳು ಒತ್ತಾಗ್ತಾ ಹೋಗಿ ಕೊನೆಗೆ ಬರೀ ಮಸಿ ಬಳಿದಂಗೆ ಕಾಣುತ್ತೆ. ಎಕ್ಸ್ ಅನ್ನೋದು 1 ಬೈ ಪೈ, 1 ಬೈ 2 ಪೈ, 1 ಬೈ 3 ಪೈ, ಹೀಗೆ ಇದ್ದಲ್ಲೆಲ್ಲ ಬೆಲೆ ಸೊನ್ನೆ. ಎಕ್ಸ್ ಅನ್ನೋದು 2 ಬೈ ಪೈ, 2 ಬೈ 5 ಪೈ, 2 ಬೈ 9 ಪೈ ಇದ್ದಲ್ಲೆಲ್ಲ ಬೆಲೆ 1. ಎರಡು ಸಾಲೂ ಸೊನ್ನೆ ಕಡೆಗೇ ಓಡ್ತಿವೆ. ಹಾಗಾಗಿ ಇದಕ್ಕೆ ಸೊನ್ನೆಯೂ ಲಿಮಿಟ್, 1 ಕೂಡ ಲಿಮಿಟ್ ಅಂತ ಎಷ್ಟೋ ಹುಡುಗ್ರು ಬರೀತಾರೆ, ಬರೆಯೋದು ಸಹಜಾನೇ.

ಆದ್ರೆ ಡೆಫಿನಿಷನ್ ಕೇಳಿದ್ದು ಪ್ರತಿಯೊಂದು ಎಕ್ಸ್. ಸೊನ್ನೆ ಲಿಮಿಟ್ ಅನ್ನೋರಿಗೆ ಎಪ್ಸಿಲಾನ್ ಅರ್ಧ ಕೊಡಿ, ಅವರು ಎಷ್ಟೇ ಚಿಕ್ಕ ಡೆಲ್ಟಾ ತಂದ್ರೂ ಅದರೊಳಗೆ ಬೆಲೆ 1 ಇರೋ ಎಕ್ಸ್ ಒಂದು ಸಿಕ್ಕೇ ಸಿಗುತ್ತೆ. 1 ಅನ್ನೋರಿಗೂ ಅದೇ ಗತಿ, ಅವರ ಡೆಲ್ಟಾದೊಳಗೆ ಬೆಲೆ ಸೊನ್ನೆ ಇರೋ ಎಕ್ಸ್ ಇರುತ್ತೆ. ನಡುವಿನ ಯಾವುದೋ ಬೆಲೆ ಲಿಮಿಟ್ ಅಂದ್ರೂ ಉಳಿಯಲ್ಲ, ಎಪ್ಸಿಲಾನ್ ಕಾಲು ಭಾಗ ಕೊಟ್ರೆ ಸಾಕು, ಒಂದೇ ಸಂಖ್ಯೆ ಸೊನ್ನೆಗೂ 1ಕ್ಕೂ ಕಾಲು ಭಾಗದಷ್ಟು ಹತ್ರ ಇರೋಕಾಗಲ್ಲ. ಫಂಕ್ಷನ್ ಒಂದು ಬೆಲೆಗೆ ಲೆಕ್ಕವಿಲ್ಲದಷ್ಟು ಸಲ ಬಂದು ಹೋಗೋದು ಬೇರೆ, ಅಲ್ಲೇ ನೆಲೆಸೋದು ಬೇರೆ. ಎರಡು ಬೆಲೆಗೆ ಬಂದು ಹೋಗೋ ಫಂಕ್ಷನ್ನಿಗೆ ಎರಡು ಲಿಮಿಟ್ ಇರೋದಲ್ಲ, ಒಂದೂ ಇರಲ್ಲ.

ಲೆಫ್ಟ್ ಲಿಮಿಟ್, ರೈಟ್ ಲಿಮಿಟ್ ಬೇರೆ ಬೇರೆ ಬರುತ್ತಲ್ಲ ಸಾರ್ ಅಂತಾನೂ ಕೇಳ್ತಾರೆ. ಅಲ್ಲಿ ಎಡಗಡೆಯ ಎಕ್ಸ್‌ಗಳದ್ದು ಒಂದು ಲೆಕ್ಕ, ಬಲಗಡೆಯದು ಇನ್ನೊಂದು ಲೆಕ್ಕ, ಒಂದೊಂದರಲ್ಲೂ ಉತ್ತರ ಒಂದೇ, ಪ್ರೂಫೂ ಇದೇ.

ಕೊನೆಯದಾಗಿ, ಪ್ರೂಫಲ್ಲಿ ಒಂದು ಸಾಲು ನಾನು ಮೆಲ್ಲಗೆ ದಾಟಿಸಿಬಿಟ್ಟೆ, ಗಮನಿಸಿದ್ರೋ ಇಲ್ವೋ. "ಆ ಡೆಲ್ಟಾದೊಳಗೆ ಒಂದು ಎಕ್ಸ್ ಹಿಡೀರಿ" ಅಂದೆ. ಅಲ್ಲಿ ಎಕ್ಸೇ ಇಲ್ದಿದ್ರೆ? ಎಕ್ಸ್ ಸ್ಕ್ವೇರ್ ಅನ್ನ ಎಕ್ಸ್ ಮೈನಸ್ 1ರಿಂದ ಗುಣಿಸಿ ಅದರ ಸ್ಕ್ವೇರ್ ರೂಟ್ ತಗೊಳ್ಳಿ. ಎಕ್ಸ್ ಸೊನ್ನೆ ಇದ್ರೆ ರೂಟ್ ಒಳಗೆ ಸೊನ್ನೆ, ಪರವಾಗಿಲ್ಲ. ಎಕ್ಸ್ 1 ಅಥವಾ ಜಾಸ್ತಿ ಇದ್ರೂ ಪರವಾಗಿಲ್ಲ. ಉಳಿದ ಕಡೆಯೆಲ್ಲ ರೂಟ್ ಒಳಗೆ ಮೈನಸ್ ಬರುತ್ತೆ, ಫಂಕ್ಷನ್ ಇಲ್ಲವೇ ಇಲ್ಲ. ಅಂದ್ರೆ ಸೊನ್ನೆ ಅನ್ನೋ ಬಿಂದು ಒಂಟಿ, ಅದರ ಸುತ್ತ ಅರ್ಧ ದೂರದೊಳಗೆ ಅದನ್ನ ಬಿಟ್ರೆ ಬೇರೆ ಯಾವ ಎಕ್ಸೂ ಇಲ್ಲ.

ಅಲ್ಲಿ ಒಬ್ಬರು ಬಂದು ಲಿಮಿಟ್ 7 ಅಂದ್ರೆ ಏನ್ ಮಾಡ್ತೀರಿ? ಯಾವ ಎಪ್ಸಿಲಾನ್ ಕೊಟ್ರೂ ಅವರು ಡೆಲ್ಟಾ ಅರ್ಧ ಅಂತಾರೆ, ಅದರೊಳಗಿನ ಪ್ರತಿಯೊಂದು ಎಕ್ಸ್‌ಗೂ ಷರತ್ತು ಸರಿಯಾಗಿದೆ ಅಂತಾರೆ, ಇಲ್ಲ ಅಂತ ತೋರಿಸೋಕೆ ನಮಗೆ ಒಂದು ಎಕ್ಸ್ ಬೇಕು, ಇಲ್ಲ. ಇನ್ನೊಬ್ಬರು 700 ಅಂದ್ರೂ ಅದೇ ವಾದ ನಡೆಯುತ್ತೆ. ಎರಡಲ್ಲ, ಎಲ್ಲ ಸಂಖ್ಯೆಗಳೂ ಲಿಮಿಟ್ ಆಗಿಬಿಡುತ್ತವೆ! ಅದಕ್ಕೇ ಒಳ್ಳೆ ಪುಸ್ತಕಗಳಲ್ಲಿ ಲಿಮಿಟ್ ಡೆಫಿನಿಷನ್ನಿಗೆ ಮುಂಚೆಯೇ ಒಂದು ಷರತ್ತು ಹಾಕಿರ್ತಾರೆ, ಆ ಬಿಂದುವಿನ ಎಷ್ಟೇ ಹತ್ರ ಹೋದ್ರೂ ಫಂಕ್ಷನ್ ಕೆಲಸ ಮಾಡೋ ಬೇರೆ ಎಕ್ಸ್ ಸಿಗ್ತಾ ಇರ್ಬೇಕು ಅಂತ. ಓದುವಾಗ ಸುಮ್ನೆ ನೋಡಿ ಬಿಟ್ಟುಬಿಡೋ ಸಾಲು ಅದು, ಆದ್ರೆ "ಒಂದು ಎಕ್ಸ್ ಹಿಡೀರಿ" ಅಂತ ಹೇಳೋ ಹಕ್ಕು ನಮಗೆ ಬರೋದು ಅಲ್ಲಿಂದಲೇ. ನಮಸ್ಕಾರ.