ಮೊದಲ ಸಂಬಳದ ಬಜೆಟ್: 27,300 ರೂಪಾಯಿಯ ಒಂದು ಲೆಕ್ಕ

ಎಲ್ಲರಿಗೂ ನಮಸ್ಕಾರ.

ನಾನು ಕಂಪನಿಗಳಲ್ಲಿ ಸಂಬಳದ ಲೆಕ್ಕ ಮಾಡುವ ಕೆಲಸದಲ್ಲಿ ಬಹಳ ಕಾಲದಿಂದ ಇದ್ದೇನೆ. ಹೊಸದಾಗಿ ಸೇರಿದವರು ಮೊದಲ ಸಂಬಳ ಬಿದ್ದ ಮರುದಿನ ನಮ್ಮ ಟೇಬಲ್ ಹತ್ತಿರ ಬಂದು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಸರ್, ಆಫರ್ ಲೆಟರ್‌ನಲ್ಲಿ 35 ಸಾವಿರ ಇತ್ತಲ್ವಾ, ಬಂದಿರುವುದು ಇಷ್ಟೇನಾ?" ಮೊದಲ ಬಜೆಟ್ ಎಡವುವುದು ಇಲ್ಲೇ. ಹಾಗಾಗಿ ಇವತ್ತು ನಿಮ್ಮ ಮುಂದೆ ಒಂದೇ ಉದಾಹರಣೆ ಇಟ್ಟುಕೊಂಡು ಪೂರ್ತಿ ಲೆಕ್ಕ ಮಾಡುತ್ತೇನೆ. ಪೆನ್ನು ಇದ್ದವರು ಬರೆದುಕೊಳ್ಳಿ.

ದಾವಣಗೆರೆಯ ಒಬ್ಬ ಹುಡುಗಿ ಅಂದುಕೊಳ್ಳೋಣ. ಡಿಗ್ರಿ ಮುಗಿದಿದೆ, ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ. ಸಿಟಿಸಿ ವರ್ಷಕ್ಕೆ 4,20,000 ರೂಪಾಯಿ. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 35,000. ಮನೆಯವರೂ ಅಷ್ಟೇ ಅಂದುಕೊಂಡಿದ್ದಾರೆ, ನೆಂಟರಿಗೂ ಅಷ್ಟೇ ಹೇಳಿದ್ದಾರೆ.

ಸಿಟಿಸಿ ಅಂದರೆ ನಿಮ್ಮ ಮೇಲೆ ಕಂಪನಿಗೆ ಬೀಳುವ ಒಟ್ಟು ಖರ್ಚು. ಅದರಲ್ಲಿ ನಿಮ್ಮ ಕೈಗೆ ಬಾರದ ದುಡ್ಡೂ ಸೇರಿರುತ್ತದೆ. ಆಫರ್ ಲೆಟರ್‌ನ ಕೊನೆಯ ಪುಟದಲ್ಲಿ ಒಂದು ಕೋಷ್ಟಕ ಇರುತ್ತದೆ, ಬಹಳ ಜನ ಅದನ್ನು ಓದುವುದೇ ಇಲ್ಲ. ಈ ಹುಡುಗಿಯ ಕೋಷ್ಟಕದಲ್ಲಿ ಬೇಸಿಕ್, ಅಂದರೆ ಮೂಲ ವೇತನ, 17,500 ಇದೆ. ವರ್ಷದ ಕೊನೆಗೆ, ಅದೂ ಕಂಪನಿ ಮತ್ತು ಕೆಲಸ ಎರಡೂ ಚೆನ್ನಾಗಿ ನಡೆದರೆ ಕೊಡುವ ವೇರಿಯಬಲ್ ಪೇ 24,000, ಅಂದರೆ ತಿಂಗಳಿಗೆ 2,000. ಕಂಪನಿ ತನ್ನ ಪಾಲಿಗೆ ಕಟ್ಟುವ ಪಿಎಫ್ ಬೇಸಿಕ್‌ನ ಶೇಕಡಾ 12, ಅಂದರೆ 2,100. ಕೆಲಸ ಬಿಡುವಾಗ ಕೊಡುವ ಗ್ರಾಚ್ಯುಟಿ ಬಾಬ್ತು 840. ಗುಂಪು ವಿಮೆ 460. ಇಷ್ಟನ್ನೂ ಕಳೆದರೆ 29,600 ಉಳಿಯಿತು. ಸಂಬಳದ ಚೀಟಿಯಲ್ಲಿ ಗ್ರಾಸ್ ಅಂತ ಕಾಣುವುದು ಇದು. ಇದರಿಂದ ಅವಳ ಪಾಲಿನ ಪಿಎಫ್ ಮತ್ತೆ 2,100 ಹೋಗುತ್ತದೆ. ಕರ್ನಾಟಕದಲ್ಲಿ 25,000 ಅಥವಾ ಅದಕ್ಕಿಂತ ಜಾಸ್ತಿ ಸಂಬಳ ಇದ್ದರೆ ವೃತ್ತಿ ತೆರಿಗೆ 200, ಫೆಬ್ರವರಿಯಲ್ಲಿ ಮಾತ್ರ 300. ಈ ಮಟ್ಟದ ಸಂಬಳಕ್ಕೆ ಈಗ ಆದಾಯ ತೆರಿಗೆ ಇಲ್ಲ. ಕೈಗೆ ಬರುವುದು 27,300.

ಪಿಎಫ್ ಎರಡು ಕಡೆ ಕಳೆದಿದ್ದು ನೋಡಿ ಬೇಜಾರಾಗಬೇಡಿ. ಅದು ನಿಮ್ಮ ಹೆಸರಿನಲ್ಲೇ ಇರುವ ದುಡ್ಡು. ಬಜೆಟ್ ಮಾತ್ರ 27,300ರ ಮೇಲೆ ಕಟ್ಟಬೇಕು. 35,000ವನ್ನು ಇವತ್ತೇ ಮರೆತುಬಿಡಿ.

ಇನ್ನೊಂದು ವಿಷಯ, ಮೊದಲ ತಿಂಗಳು. ಅವಳು 16ನೇ ತಾರೀಖು ಕೆಲಸಕ್ಕೆ ಸೇರುತ್ತಾಳೆ. ತಿಂಗಳ ಕೊನೆಗೆ ಅರ್ಧ ಸಂಬಳ ಬರಬಹುದು. ಎಷ್ಟೋ ಕಂಪನಿಗಳಲ್ಲಿ 20ರ ಹೊತ್ತಿಗೆ ಸಂಬಳದ ಪಟ್ಟಿ ಮುಗಿಸಿಬಿಡುತ್ತಾರೆ. ಬ್ಯಾಂಕ್ ಖಾತೆ, ಪ್ಯಾನ್ ವಿವರ ತಡವಾಗಿ ಕೊಟ್ಟರೆ ಆ ಅರ್ಧವೂ ಮುಂದಿನ ತಿಂಗಳಿಗೆ ಹೋಗುತ್ತದೆ. ಪಿಜಿಯವರು ಮಾತ್ರ ಮೊದಲ ದಿನವೇ ಬಾಡಿಗೆಯನ್ನೂ ಅಡ್ವಾನ್ಸನ್ನೂ ಕೇಳುತ್ತಾರೆ. ಅಡ್ವಾನ್ಸ್‌ನಲ್ಲಿ ಬಿಟ್ಟು ಹೋಗುವಾಗ ಎಷ್ಟು ಹಿಡಿದುಕೊಳ್ಳುತ್ತಾರೆ, ಎಷ್ಟು ದಿನ ಮೊದಲೇ ಹೇಳಬೇಕು ಅಂತ ಆಗಲೇ ಕೇಳಿ, ರಸೀದಿ ಮೇಲೆ ಬರೆಸಿಕೊಳ್ಳಿ. ಒಟ್ಟಿನಲ್ಲಿ ಊರಿಂದ ಹೊರಡುವಾಗ ಸುಮಾರು 25,000 ಕೈಯಲ್ಲಿ ಇರಲೇಬೇಕು. ಅದು ಅಪ್ಪ ಅಮ್ಮನಿಂದ ಬಂದಿದ್ದರೆ, ವಾಪಸ್ ಕೊಡಬೇಕಾದ ಹಣ ಅಂತ ಬರೆದಿಟ್ಟುಕೊಳ್ಳಿ. ಈ ಅರ್ಧ ತಿಂಗಳು ಬಜೆಟ್ ಬೇಡ. ಏನು ಖರ್ಚಾಯಿತು ಅಂತ ಫೋನಿನಲ್ಲಿ ಸುಮ್ನೆ ಬರೆಯುತ್ತಾ ಹೋಗಿ. ಮೊದಲ ಪೂರ್ತಿ ಸಂಬಳದಿಂದ ಬಜೆಟ್ ಶುರು.

ಈಗ 27,300 ಖಾತೆಗೆ ಬಿತ್ತು. ತಿಂಗಳ ಮೊದಲ ವಾರದಲ್ಲೇ ಹೋಗುವ ದುಡ್ಡು ಯಾವುದು? ಇಬ್ಬರು ಹಂಚಿಕೊಳ್ಳುವ ರೂಮು, ತಿಂಡಿ ಮತ್ತು ರಾತ್ರಿ ಊಟ ಸೇರಿ ಪಿಜಿಗೆ 9,500. ಮನೆಗೆ 4,000. ಫೋನಿಗೆ 400. ಫೋನ್ ಪ್ಲಾನ್ ಬಹಳಷ್ಟು 28 ದಿನದ್ದು ಅನ್ನುವುದು ನೆನಪಿರಲಿ. ವರ್ಷಕ್ಕೆ 12 ಸಲ ಅಲ್ಲ, 13 ಸಲ ರೀಚಾರ್ಜ್ ಆಗುತ್ತದೆ.

ಆಮೇಲೆ ಶಿಕ್ಷಣ ಸಾಲ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಸಾಮಾನ್ಯವಾಗಿ ಕೋರ್ಸ್ ಮುಗಿದ ಮೇಲೆ ಒಂದು ವರ್ಷದ ತನಕ ಬ್ಯಾಂಕು ಕಂತು ಕೇಳುವುದಿಲ್ಲ. ಅದಕ್ಕೇ ಹೊಸಬರ ಬಜೆಟ್‌ನಲ್ಲಿ ಈ ಸಾಲು ಇರುವುದೇ ಇಲ್ಲ. ಆದರೆ ಬಡ್ಡಿ ಸುಮ್ಮನಿರುವುದಿಲ್ಲ. ಅವಳ ಸಾಲ 2 ಲಕ್ಷ, ಬಡ್ಡಿ ಶೇಕಡಾ 10 ಅಂದರೆ ತಿಂಗಳಿಗೆ ಸುಮಾರು 1,670 ರೂಪಾಯಿ ಬಡ್ಡಿ ಬೆಳೆಯುತ್ತಿದೆ. ಕಂತು ಶುರುವಾಗುವ ಹೊತ್ತಿಗೆ ಅದೆಲ್ಲ ಅಸಲಿಗೆ ಸೇರಿಕೊಳ್ಳುತ್ತದೆ. ಏಳು ವರ್ಷಕ್ಕೆ 2 ಲಕ್ಷದ ಕಂತು ಸುಮಾರು 3,300 ಆಗುತ್ತದೆ. ಆ 3,300ನ್ನು ಮೊದಲ ಪೂರ್ತಿ ಸಂಬಳದಿಂದಲೇ ಕಟ್ಟಲು ಶುರು ಮಾಡಲಿ. ಎರಡು ಲಾಭ ಇದೆ. ಬಡ್ಡಿ ಅಸಲಿನ ಮೇಲೆ ಏರುವುದಿಲ್ಲ. ಜೊತೆಗೆ, ಆ ದುಡ್ಡು ಇಲ್ಲದೆಯೇ ಬದುಕುವ ಅಭ್ಯಾಸ ಮೊದಲೇ ಆಗಿರುತ್ತದೆ. ವರ್ಷ ಕಳೆದ ಮೇಲೆ ಏಕಾಏಕಿ 3,300 ಕಡಿಮೆಯಾದಾಗ ಎಷ್ಟು ಕಷ್ಟ ಆಗುತ್ತದೆ ಅಂತ ನಾನು ನೋಡಿದ್ದೇನೆ. ಸಂಬಳ ಮುಂಗಡ ಕೇಳಿಕೊಂಡು ನಮ್ಮ ಹತ್ತಿರ ಬರುತ್ತಾರೆ.

ಇಲ್ಲಿಗೆ 17,200 ಆಯಿತು. ಕೈಗೆ ಬರುವ ಸಂಬಳದ ಶೇಕಡಾ 63. ಅಗತ್ಯಕ್ಕೆ 50, ಆಸೆಗೆ 30, ಉಳಿತಾಯಕ್ಕೆ 20 ಅನ್ನುವ ಸೂತ್ರ ನೀವು ಕೇಳಿರುತ್ತೀರಿ. ಸಾಲ ಇರುವ, ಮನೆಗೆ ಕಳಿಸುವ, ಬೆಂಗಳೂರಿನಲ್ಲಿ ಬಾಡಿಗೆ ಕಟ್ಟುವ ಮೊದಲ ಸಂಬಳಕ್ಕೆ ಅದು ಹೊಂದುವುದಿಲ್ಲ. ಹೊಂದಲಿಲ್ಲ ಅಂತ ಬಜೆಟ್ಟನ್ನೇ ಕೈಬಿಡಬೇಡಿ. ನಿಮ್ಮ ಅಂಕಿಗಳಿಂದಲೇ ನಿಮ್ಮ ಸೂತ್ರ ಬರಲಿ.

ಮುಂದಿನ ಸಾಲು ನನಗೆ ಎಲ್ಲಕ್ಕಿಂತ ಮುಖ್ಯ. ತಿಂಗಳು ತಿಂಗಳು ಬಾರದ, ಆದರೆ ವರ್ಷದಲ್ಲಿ ಬಂದೇ ಬರುವ ಖರ್ಚು. ದೀಪಾವಳಿಗೆ, ಯುಗಾದಿಗೆ ಮನೆಯವರಿಗೆ ಬಟ್ಟೆ. ಅಕ್ಕನದೋ ಗೆಳತಿಯದೋ ಮದುವೆಗೆ ಉಡುಗೊರೆ. ಆಫೀಸಿಗೆ ಬಟ್ಟೆ, ಚಪ್ಪಲಿ, ಬ್ಯಾಗು. ಕನ್ನಡಕ, ಹಲ್ಲಿನ ಡಾಕ್ಟರು. ಒಡೆದ ಫೋನ್ ಸ್ಕ್ರೀನ್. ಗೆಳತಿಯರ ಜೊತೆ ಒಂದು ಪ್ರವಾಸ. "ಈ ತಿಂಗಳು ಒಂದು ಖರ್ಚು ಬಂತು, ಅದಕ್ಕೇ ಬಜೆಟ್ ತಪ್ಪಿತು" ಅಂತ ಪ್ರತಿ ತಿಂಗಳೂ ಹೇಳುತ್ತೇವೆ. ಖರ್ಚು ಬೇರೆ ಬೇರೆ, ಮಾತು ಅದೇ. ಹಬ್ಬದ ತಾರೀಖು ಕ್ಯಾಲೆಂಡರಿನಲ್ಲೇ ಇದೆ, ಅದು ಅನಿರೀಕ್ಷಿತ ಹೇಗಾಗುತ್ತದೆ? ಹನ್ನೆರಡು ತಿಂಗಳ ಹೆಸರು ಒಂದರ ಕೆಳಗೊಂದು ಬರೆಯಿರಿ. ಎದುರಿಗೆ ಆ ತಿಂಗಳು ಬರುವ ಇಂಥ ಖರ್ಚು ಬರೆದು ಕೂಡಿಸಿ. ಈ ಹುಡುಗಿಗೆ 30,000 ಬಂತು ಅಂದುಕೊಳ್ಳಿ. ಹನ್ನೆರಡರಿಂದ ಭಾಗಿಸಿದರೆ 2,500. ಅದು ತಿಂಗಳು ತಿಂಗಳು ಪಕ್ಕಕ್ಕೆ ಹೋಗಬೇಕು. ಒಂದು ಮಿತಿ ಇದೆ. ಎರಡನೇ ತಿಂಗಳಿಗೇ ದೀಪಾವಳಿ ಬಂದರೆ ಈ ಡಬ್ಬಿಯಲ್ಲಿ 5,000 ಮಾತ್ರ ಇರುತ್ತದೆ. ಮೊದಲ ಹಬ್ಬದ ಖರ್ಚು ಅಷ್ಟರೊಳಗೇ ಮುಗಿಯಬೇಕು.

ಹೀಗೆ 19,700 ಹೋಯಿತು. ಇನ್ನು ಕೆಲಸ ಹೋದರೆ, ಕಾಯಿಲೆ ಬಿದ್ದರೆ ಅಂತ ತುರ್ತು ನಿಧಿಗೆ 2,600. ಮೊದಲ ವಾರದಲ್ಲೇ ಹೋಗುವ 17,200, ದಿನನಿತ್ಯದ ಖರ್ಚಿಗೆ 5,000 ಸೇರಿ ಅವಳು ಒಂದು ತಿಂಗಳು ಬದುಕಲು 22,200 ಬೇಕು. ಅಷ್ಟು ಕೂಡಲು ಎಂಟು ಒಂಬತ್ತು ತಿಂಗಳು ಹಿಡಿಯುತ್ತದೆ. ಮೂರು ತಿಂಗಳ ಖರ್ಚು ಕೂಡಿಡಿ ಅಂತ ಎಲ್ಲರೂ ಹೇಳುತ್ತಾರೆ, ಸರಿ. ಆದರೆ ಮೊದಲ ಗುರಿ ಒಂದು ತಿಂಗಳದು ಸಾಕು.

ಕೈಯಲ್ಲಿ ಉಳಿದದ್ದು 5,000. ಇದನ್ನು ತಿಂಗಳಿನ ದುಡ್ಡು ಅಂತ ಇಟ್ಟುಕೊಂಡರೆ 12ನೇ ತಾರೀಖಿಗೆ ಮುಗಿಯುತ್ತದೆ. ವಾರಕ್ಕೆ ಒಡೆಯಿರಿ. ತಿಂಗಳಿಗೆ ನಾಲ್ಕು ವಾರದ ಮೇಲೆ ಎರಡು ಮೂರು ದಿನ ಇರುತ್ತದಲ್ಲ, ಹಾಗಾಗಿ 1,250 ಅಲ್ಲ, 1,150. ಮಧ್ಯಾಹ್ನದ ಊಟಕ್ಕೆ ದಿನಕ್ಕೆ 60ರಂತೆ ಐದು ದಿನಕ್ಕೆ 300. ಕಾಫಿ, ಟೀಗೆ 150. ಸೋಪು ಶಾಂಪೂಗೆ 100. ಶನಿವಾರ ಭಾನುವಾರಕ್ಕೆ 300. ಓಡಾಟಕ್ಕೆ 300. ಶಕ್ತಿ ಯೋಜನೆ ಇರುವುದರಿಂದ ಬಿಎಂಟಿಸಿಯ ಸಾಮಾನ್ಯ ಬಸ್ಸಿನಲ್ಲಿ ಅವಳಿಗೆ ಟಿಕೆಟ್ ದುಡ್ಡು ಇಲ್ಲ. ಈ 300 ಮೆಟ್ರೋ, ಆಟೋಗೆ. ಹುಡುಗರು ಇಲ್ಲಿ ಬಸ್ ಪಾಸಿನ ದುಡ್ಡು ಸೇರಿಸಬೇಕು, ಬೇರೆ ಸಾಲಿನಲ್ಲಿ ಅಷ್ಟನ್ನೇ ಕಡಿಮೆ ಮಾಡಬೇಕು.

ಇದನ್ನು ಪಾಲಿಸಲು ಮನಸ್ಸು ಗಟ್ಟಿ ಇದ್ದರೆ ಸಾಲದು, ಖಾತೆ ಎರಡು ಬೇಕು. ಕಾಲೇಜಿನಲ್ಲಿ ಮಾಡಿಸಿದ ಹಳೆಯ ಉಳಿತಾಯ ಖಾತೆ ನಿಮ್ಮಲ್ಲಿ ಇದ್ದೇ ಇರುತ್ತದೆ. ಕನಿಷ್ಠ ಬ್ಯಾಲೆನ್ಸ್ ಎಷ್ಟು ಅಂತ ಮಾತ್ರ ವಿಚಾರಿಸಿಕೊಳ್ಳಿ. ಯುಪಿಐಯನ್ನು ಆ ಖಾತೆಗೆ ಜೋಡಿಸಿ. ಪ್ರತಿ ಸೋಮವಾರ ಸಂಬಳದ ಖಾತೆಯಿಂದ ಅಲ್ಲಿಗೆ 1,150 ಹಾಕಿ. ಅಂಗಡಿಯಲ್ಲಿ ಸ್ಕ್ಯಾನ್ ಮಾಡುವಾಗ ಕಾಣುವುದು ಆ ವಾರದ ಬ್ಯಾಲೆನ್ಸ್ ಮಾತ್ರ. ಗುರುವಾರ 200 ಉಳಿದಿದ್ದರೆ ಏನು ಮಾಡಬೇಕು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಬಜೆಟ್ ತಪ್ಪುತ್ತಿದೆ ಅಂತ ತಿಳಿಯುವುದು ಹೇಗೆ? ಶುಕ್ರವಾರದ ಹೊತ್ತಿಗೆ ಪದೇ ಪದೇ ತುರ್ತು ನಿಧಿಯಿಂದ ಇನ್ನೂರು ಮುನ್ನೂರು ಎಳೆಯುತ್ತಿದ್ದರೆ, ಯಾವುದೋ ಒಂದು ಸಾಲಿನ ಅಂಕಿ ಸುಳ್ಳು ಅಂತ ಅರ್ಥ. ಕ್ರೆಡಿಟ್ ಕಾರ್ಡಿನ ಬಿಲ್ಲಿನಲ್ಲಿ "ಕನಿಷ್ಠ ಬಾಕಿ" ಮಾತ್ರ ಕಟ್ಟಲು ಶುರು ಮಾಡಿದ್ದರೆ ಅದು ಇನ್ನೂ ಕೆಟ್ಟ ಸೂಚನೆ. ಬಾಕಿ ಉಳಿದದ್ದಕ್ಕೆ ತಿಂಗಳಿಗೇ ಶೇಕಡಾ 3ರಿಂದ 4ರಷ್ಟು ಬಡ್ಡಿ ಬೀಳುತ್ತದೆ. ಶಿಕ್ಷಣ ಸಾಲಕ್ಕೆ ಶೇಕಡಾ 10 ಅಂದದ್ದು ವರ್ಷಕ್ಕೆ, ಇದು ತಿಂಗಳಿಗೆ.

ಮೂರು ತಿಂಗಳಾದ ಮೇಲೆ ಕೂತು ನೋಡಿ. ಈ ಹುಡುಗಿಯ ವಾರದ ದುಡ್ಡು ಸಾಲುತ್ತಿಲ್ಲ. ಯುಪಿಐ ಪಟ್ಟಿ ತೆಗೆದರೆ ವಾರಕ್ಕೆ ನಾಲ್ಕು ರಾತ್ರಿ ಹೊರಗಿನ ಊಟ, ಒಂದೊಂದು 120 ರೂಪಾಯಿ. ಇದನ್ನು ದುಂದುವೆಚ್ಚ ಅಂತ ಬೈಯುವುದು ಸುಲಭ. ಕಾರಣ ಕೇಳಿದರೆ, ಅವಳು ಬರುವ ಹೊತ್ತಿಗೆ ಪಿಜಿಯಲ್ಲಿ ಸಾರು ತಣ್ಣಗಾಗಿರುತ್ತದೆ, ಪಲ್ಯ ಖಾಲಿ. ಅಂದರೆ ತಿಂಗಳಿಗೆ ಸುಮಾರು 2,080 ರೂಪಾಯಿ, ಈಗಾಗಲೇ ದುಡ್ಡು ಕೊಟ್ಟ ಊಟಕ್ಕೆ ಎರಡನೇ ಸಲ ಕೊಡುತ್ತಿದ್ದಾಳೆ. ಆ ಪಿಜಿಯ ನಿಜವಾದ ಬೆಲೆ 9,500 ಅಲ್ಲ, 11,580. ಹತ್ತಿರದಲ್ಲೇ ರಾತ್ರಿ ಹತ್ತರ ತನಕ ಬಿಸಿ ಊಟ ಕೊಡುವ 10,500ರ ಪಿಜಿ ಇದ್ದರೆ, ಅದು ಅವಳಿಗೆ ಅಗ್ಗ. ಬದಲಾಯಿಸುವ ಮೊದಲು ಅಡ್ವಾನ್ಸ್‌ನಲ್ಲಿ ಎಷ್ಟು ಕಳೆದುಕೊಳ್ಳುತ್ತಾಳೆ ಅಂತ ಲೆಕ್ಕ ಹಾಕಲಿ. 4,000 ಹೋದರೂ ನಾಲ್ಕು ತಿಂಗಳಲ್ಲಿ ವಾಪಸ್ ಬರುತ್ತದೆ. ಹೊಸ ಪಿಜಿಯ ಜಾಸ್ತಿ 1,000ವನ್ನು ತುರ್ತು ನಿಧಿಯ ಸಾಲಿನಿಂದ ತೆಗೆಯಬೇಕು, ಅದು 1,600ಕ್ಕೆ ಇಳಿಯುತ್ತದೆ. ಇಷ್ಟು ದಿನ ಅಲ್ಲಿಂದ ಎಳೆಯುತ್ತಿದ್ದದ್ದು ನಿಲ್ಲುವುದರಿಂದ, ನಿಧಿಯಲ್ಲಿ ನಿಜವಾಗಿ ಉಳಿಯುವ ದುಡ್ಡು ಮೊದಲಿಗಿಂತ ಜಾಸ್ತಿಯೇ.

ಕೊನೆಗೆ ಆ 24,000 ವೇರಿಯಬಲ್ ಪೇ. ಅದನ್ನು ಬಜೆಟ್‌ನ ಯಾವ ಸಾಲಿಗೂ ಸೇರಿಸಿಲ್ಲ, ಗಮನಿಸಿರುತ್ತೀರಿ. ಬಂದರೆ ಮೊದಲು ಮನೆಯಿಂದ ತಂದ ಹಣದಲ್ಲಿ ಬಾಕಿ ಇದ್ದದ್ದು ತೀರಿಸಲಿ. ಆಮೇಲೆ ತುರ್ತು ನಿಧಿ ಒಂದು ತಿಂಗಳ ಖರ್ಚಿನ ಮಟ್ಟ ಮುಟ್ಟಲಿ. ಇನ್ನೂ ಉಳಿದರೆ ಶಿಕ್ಷಣ ಸಾಲಕ್ಕೆ. ಹಾಗೆ ಕಟ್ಟುವಾಗ ಬ್ಯಾಂಕಿನಲ್ಲಿ "ಇದನ್ನು ಅಸಲಿಗೆ ಜಮಾ ಮಾಡಿ" ಅಂತ ಬರೆದುಕೊಟ್ಟು, ಮುಂದಿನ ತಿಂಗಳ ಸ್ಟೇಟ್‌ಮೆಂಟ್‌ನಲ್ಲಿ ಅಸಲು ಇಳಿದಿದೆಯಾ ಅಂತ ನೋಡಿಕೊಳ್ಳಲಿ.

ನಿಮ್ಮಲ್ಲಿ ಆಫರ್ ಲೆಟರ್ ಬಂದವರು ಇದ್ದರೆ ಆ ಕೊನೆಯ ಪುಟ ತೆಗೆಯಿರಿ. ಬೇಸಿಕ್ ಎಷ್ಟಿದೆ ಅಂತ ಹೇಳಿ, ಕೈಗೆ ಎಷ್ಟು ಬರುತ್ತದೆ ಅಂತ ಇಲ್ಲೇ ಲೆಕ್ಕ ಮಾಡೋಣ.