ಉತ್ತರ ಸರಿ, ಅಂಕ ಅರ್ಧ: ವಿಜ್ಞಾನದ ಕಿರು ಉತ್ತರಗಳಲ್ಲಿ ಬಿಟ್ಟುಹೋಗುವ ಪದ

ಹತ್ತನೇ ತರಗತಿಯ ವಿಜ್ಞಾನ ಶಿಕ್ಷಕರೇ, ಇವತ್ತು ಹೆಚ್ಚು ಸಮಯ ಒಂದೇ ಪ್ರಶ್ನೆಯ ಮೇಲೆ ಕಳೆಯೋಣ. ‘ಕಬ್ಬಿಣದ ಮೊಳೆಯನ್ನು ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಮುಳುಗಿಸಿದಾಗ ದ್ರಾವಣದ ಬಣ್ಣ ಬದಲಾಗುತ್ತದೆ. ಏಕೆ?’ 2 ಅಂಕದ ಪ್ರಶ್ನೆ ಎಂದಿಟ್ಟುಕೊಳ್ಳಿ. ಮಕ್ಕಳು ಸಾಮಾನ್ಯವಾಗಿ ಹೀಗೆ ಬರೆಯುತ್ತಾರೆ: ‘ಕಬ್ಬಿಣವು ತಾಮ್ರವನ್ನು ಹೊರಹಾಕುತ್ತದೆ. ಮೊಳೆಯ ಮೇಲೆ ಕಂದು ಬಣ್ಣ ಕೂರುತ್ತದೆ.’

ಇದರಲ್ಲಿ ತಪ್ಪು ಒಂದೂ ಇಲ್ಲ. ಆದರೂ ಮೌಲ್ಯಮಾಪಕರ ಕೈಯಲ್ಲಿರುವ ಮಾದರಿ ಉತ್ತರದಲ್ಲಿ ‘ಹೆಚ್ಚು ಕ್ರಿಯಾಶೀಲ’ ಎಂಬ ಪದವಿದೆ, ಅದಕ್ಕೆ ಅಂಕವೂ ಇದೆ. ಮಗುವಿಗೆ ಅನ್ಯಾಯವಾಯಿತೇ? ತೀರ್ಮಾನಕ್ಕೆ ಬರುವ ಮೊದಲು ಆ ಪದವನ್ನು ತೆಗೆದು ನೋಡಬೇಕು. ಮೊಳೆಯ ಬದಲು ಬೆಳ್ಳಿಯ ತಂತಿ ಮುಳುಗಿಸಿ; ಎಷ್ಟು ಹೊತ್ತು ಕಾದರೂ ನೀಲಿ ನೀಲಿಯಾಗಿಯೇ ಇರುತ್ತದೆ. ಬೆಳ್ಳಿಯೂ ಲೋಹ, ಕಬ್ಬಿಣವೂ ಲೋಹ. ಒಂದು ತಾಮ್ರವನ್ನು ಹೊರಹಾಕಿತು, ಇನ್ನೊಂದು ಹಾಕಲಿಲ್ಲ. ಈ ವ್ಯತ್ಯಾಸಕ್ಕೆ ಕಾರಣ ಹೇಳುವ ಪದವೇ ಉತ್ತರದಲ್ಲಿ ಇಲ್ಲ. ಮಗು ಏನಾಯಿತು ಎಂದು ಹೇಳಿದೆ, ಪ್ರಶ್ನೆ ಕೇಳಿದ್ದು ಏಕೆ ಎಂದು.

ಇನ್ನೊಂದು ಕೊರತೆ ಇದಕ್ಕಿಂತ ಸುಲಭವಾಗಿ ಕಣ್ತಪ್ಪುತ್ತದೆ. ಪ್ರಶ್ನೆ ದ್ರಾವಣದ ಬಣ್ಣದ ಬಗ್ಗೆ. ಉತ್ತರ ಮೊಳೆಯ ಬಣ್ಣದ ಬಗ್ಗೆ. ನೀಲಿ ಬಣ್ಣ ತಾಮ್ರದ ಸಲ್ಫೇಟಿನದು, ಅದು ಕಡಿಮೆಯಾದಂತೆ ನೀಲಿ ಮಾಸುತ್ತದೆ, ಕಬ್ಬಿಣದ ಸಲ್ಫೇಟ್ ಉಂಟಾಗಿ ತಿಳಿ ಹಸಿರು ಬರುತ್ತದೆ. ಇಷ್ಟು ಹೇಳದೆ ಉತ್ತರ ಮುಗಿಯುವುದಿಲ್ಲ. Fe + CuSO₄ → FeSO₄ + Cu ಎಂಬ ಸಮೀಕರಣ ಬರೆದವರು ಕಬ್ಬಿಣದ ಸಲ್ಫೇಟಿನ ಹೆಸರನ್ನು ಹೇಳಿದಂತೆಯೇ ಆಯಿತು. ಆದರೆ ಸಮೀಕರಣ ಬಣ್ಣವನ್ನೂ ಹೇಳುವುದಿಲ್ಲ, ಕಾರಣವನ್ನೂ ಹೇಳುವುದಿಲ್ಲ.

ಹಾಗಾದರೆ ‘ಕ್ರಿಯಾಶೀಲ’ ಎಂಬ ಅಕ್ಷರಗಳೇ ಇರಬೇಕೇ? ಬೇಡ. ‘ಕ್ರಿಯಾಶೀಲತೆಯ ಸರಣಿಯಲ್ಲಿ ಕಬ್ಬಿಣ ತಾಮ್ರಕ್ಕಿಂತ ಮೇಲಿದೆ’ ಎಂದು ಬರೆದರೆ ಅಂಕ ಕೊಡಬೇಕು. ಮಾದರಿ ಉತ್ತರವನ್ನು ಪದಕ್ಕೆ ಪದ ಹೊಂದಿಸಿ ನೋಡಿ ಇಂಥ ಉತ್ತರಕ್ಕೆ ಅಂಕ ಕಳೆಯುವುದು ಮೌಲ್ಯಮಾಪಕರ ಸೋಮಾರಿತನ ಎಂದೇ ನನ್ನ ಅಭಿಪ್ರಾಯ. ‘ಕಬ್ಬಿಣ ತಾಮ್ರಕ್ಕಿಂತ ಗಟ್ಟಿ ಲೋಹ’ ಎಂದರೆ ಮಾತ್ರ ಕೊಡುವಂತಿಲ್ಲ. ಗಟ್ಟಿತನಕ್ಕೂ ಈ ಕ್ರಿಯೆಗೂ ಸಂಬಂಧವಿಲ್ಲ. ಸೋಡಿಯಂ ಅನ್ನು ಚಾಕುವಿನಿಂದ ಕತ್ತರಿಸಬಹುದು, ಆದರೂ ಅದು ಕಬ್ಬಿಣಕ್ಕಿಂತ ಎಷ್ಟೋ ಹೆಚ್ಚು ಕ್ರಿಯಾಶೀಲ.

ಬಿಟ್ಟ ಪದ ದೊಡ್ಡದೋ ಚಿಕ್ಕದೋ ಎಂದು ತಿಳಿಯುವ ದಾರಿ ಇಷ್ಟೇ: ಆ ಪದವಿಲ್ಲದ ವಾಕ್ಯವನ್ನು ಸುಳ್ಳು ಮಾಡುವ ಒಂದು ಉದಾಹರಣೆ ಹುಡುಕುವುದು. ಓಮ್‌ನ ನಿಯಮದಲ್ಲಿ ಮಕ್ಕಳು ‘ವಿಭವಾಂತರವು ವಿದ್ಯುತ್ ಪ್ರವಾಹಕ್ಕೆ ನೇರ ಅನುಪಾತದಲ್ಲಿರುತ್ತದೆ’ ಎಂದು ಬರೆದು ‘ತಾಪ ಸ್ಥಿರವಾಗಿದ್ದಾಗ’ ಎಂಬುದನ್ನು ಬಿಡುತ್ತಾರೆ. ಹಳೆಯ ತಂತಿಯ ಬಲ್ಬನ್ನು ನೆನಪಿಸಿಕೊಳ್ಳಿ. ಉರಿಯುವಾಗಿನ ರೋಧಕ್ಕೆ ಹೋಲಿಸಿದರೆ ತಣ್ಣಗಿದ್ದಾಗ ಅದರ ರೋಧ ಸುಮಾರು ಹತ್ತನೇ ಒಂದು ಭಾಗ. ಅಲ್ಲಿ ವಿಭವಾಂತರ ಇಮ್ಮಡಿಯಾದರೆ ಪ್ರವಾಹ ಇಮ್ಮಡಿಯಾಗುವುದಿಲ್ಲ. ಆ ಎರಡು ಪದ ಅಲಂಕಾರಕ್ಕಲ್ಲ.

ಸ್ನೆಲ್‌ನ ನಿಯಮದಲ್ಲಿ ಬಿಡುವ ಪದ ‘ಸೈನ್’. ‘ಪತನ ಕೋನ ಮತ್ತು ವಕ್ರೀಭವನ ಕೋನಗಳ ಅನುಪಾತ ಸ್ಥಿರ’ ಎಂದು ಬರೆದ ಮಗುವಿಗೆ ಹಲಗೆಯ ಮೇಲೆ ಲೆಕ್ಕ ಮಾಡಿ ತೋರಿಸಿ. ಗಾಜಿನ ವಕ್ರೀಭವನ ಸೂಚ್ಯಂಕ 1.5 ಇದ್ದರೆ, ಗಾಳಿಯಿಂದ 30 ಡಿಗ್ರಿಯಲ್ಲಿ ಬಿದ್ದ ಕಿರಣ ಒಳಗೆ ಸುಮಾರು 19.5 ಡಿಗ್ರಿಯಲ್ಲಿ ಸಾಗುತ್ತದೆ. 60 ಡಿಗ್ರಿಯಲ್ಲಿ ಬಿದ್ದದ್ದು ಸುಮಾರು 35.3 ಡಿಗ್ರಿಯಲ್ಲಿ. ಕೋನಗಳನ್ನೇ ಭಾಗಿಸಿದರೆ ಮೊದಲು 1.54, ಆಮೇಲೆ 1.70. ಸೈನ್‌ಗಳನ್ನು ಭಾಗಿಸಿದರೆ ಎರಡೂ ಸಲ 1.5. ‘ಸೈನ್ ಮರೆಯಬೇಡಿ’ ಎಂದು ಹತ್ತು ಸಲ ಹೇಳುವುದಕ್ಕಿಂತ ಈ ಎರಡು ಸಾಲು ಹೆಚ್ಚು ಕಾಲ ನಿಲ್ಲುತ್ತವೆ.

ಜೀವಶಾಸ್ತ್ರದಲ್ಲಿ ಗಡಿ ಅಷ್ಟು ಸ್ಪಷ್ಟವಲ್ಲ. ಶ್ವಾಸಕೋಶದಲ್ಲಿ ಗಾಳಿಗೂಡುಗಳಿಂದ ಏನು ಅನುಕೂಲ ಎಂಬುದಕ್ಕೆ ‘ಅನಿಲ ವಿನಿಮಯಕ್ಕೆ ಹೆಚ್ಚು ಜಾಗ ಸಿಗುತ್ತದೆ’ ಎಂದು ಬರೆಯುತ್ತಾರೆ. ಮಾದರಿ ಉತ್ತರಕ್ಕೆ ಬೇಕಾದದ್ದು ‘ಮೇಲ್ಮೈ ವಿಸ್ತೀರ್ಣ’. ಜಾಗ ಎಂದರೆ ಒಳಗೆ ಹಿಡಿಸುವ ಗಾಳಿಯ ಗಾತ್ರವೂ ಆಗಬಹುದು. ಅಷ್ಟೇ ಗಾತ್ರ ಒಂದೇ ದೊಡ್ಡ ಚೀಲದಲ್ಲೂ ಇರಬಲ್ಲದು, ಆದರೆ ಅನಿಲ ದಾಟುವ ಗೋಡೆ ಅದರಲ್ಲಿ ತೀರ ಕಡಿಮೆ. ಎಲ್ಲ ಗಾಳಿಗೂಡುಗಳ ಮೇಲ್ಮೈಯನ್ನು ಹರಡಿದರೆ ಸುಮಾರು 80 ಚದರ ಮೀಟರ್ ಆಗುತ್ತದೆ ಎಂದು ಪಠ್ಯವೇ ಹೇಳುತ್ತದೆ. ಹಾಗಾಗಿ ‘ಜಾಗ’ ಎಂದಷ್ಟೇ ಬರೆದರೆ ಪೂರ್ಣ ಅಂಕ ಕಷ್ಟ. ‘ಅನಿಲ ದಾಟಲು ಹೆಚ್ಚು ಗೋಡೆ ಸಿಗುತ್ತದೆ’ ಎಂದು ಬರೆದ ಮಗುವಿಗೆ ಮಾತ್ರ ಪಾರಿಭಾಷಿಕ ಪದ ಇಲ್ಲವೆಂದು ಅಂಕ ಕಳೆಯಬೇಡಿ.